ಸಾಹೇಬರು ಆಡದ ಮಾತು

ತೊಂಬತ್ತರ ದಶಕದಲ್ಲಿ ನಾನು ಹಿರಿಯೂರಿನ ಒಂದು ತರಬೇತಿ ಸಂಸ್ಥೆಯಲ್ಲಿ ಗುಮಾಸ್ತ. ಅಕ್ಷರ ದುಂಡಗಿದೆ ಎಂಬ ಒಂದೇ ಅಪರಾಧಕ್ಕೆ ಪತ್ರಿಕಾ ಪ್ರಕಟಣೆ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಲೆಟರ್‌ಹೆಡ್ಡಿನ ಕೆಳಗೆ ಶೀರ್ಷಿಕೆ, ಮೊದಲ ಪ್ಯಾರಾದಲ್ಲಿ ಏನು, ಎಲ್ಲಿ, ಯಾವತ್ತು, ಯಾರಿಂದ. ಆಮೇಲೆ ಅತಿಥಿಗಳ ಒಂದು ಮಾತು. ಕೊನೆಗೆ ಉಪಸ್ಥಿತರ ಪಟ್ಟಿ. ಜಾಗ ಸಾಲದಿದ್ದರೆ ಪತ್ರಿಕೆಯವರು ಕೆಳಗಿನಿಂದ ಕತ್ತರಿಸುತ್ತಿದ್ದರು. ಹಾಗಾಗಿ ಪಟ್ಟಿಯ ಕೊನೆಯಲ್ಲಿರುವ ನನ್ನ ಹೆಸರು ಒಮ್ಮೆಯೂ ಅಚ್ಚಾಗಲಿಲ್ಲ.

ಆ ಸಲ ಕುರಿ ಸಾಕಣೆ ಶಿಬಿರ. ಉದ್ಘಾಟನೆಗೆ ಬಂದ ಸಾಹೇಬರು ದೀಪ ಹಚ್ಚಿ, "ಬಿಸಿಲು ಜಾಸ್ತಿ ಇದೆ, ಎಲ್ಲರಿಗೂ ಒಳ್ಳೆಯದಾಗಲಿ" ಎಂದವರೇ ಜೀಪು ಹತ್ತಿಬಿಟ್ಟರು. ಇದನ್ನೇ ಹಾಕಿದರೆ ಹವಾಮಾನ ವರದಿಯಾಗುತ್ತಿತ್ತು.

ಮಧ್ಯಾಹ್ನ ಧರ್ಮಪುರ ಕಡೆಯ ಕುರಿ ಯಜಮಾನರೊಬ್ಬರು ಎದ್ದು ನಿಂತರು. "ಔಷ್ದಿ ಬಾಟ್ಲಿ ಮ್ಯಾಲೆ ಇಂಗ್ಲಿಷ್ನಾಗೆ ಬರ್ದೈತೆ. ಅದು ಕುರಿಗೂ ಓದಕ್ಕೆ ಬರಲ್ಲ, ನಮಗೂ ಬರಲ್ಲ. ಎಷ್ಟು ಕುಡಿಸ್ಬೇಕು ಅಂತ ಕನ್ನಡದಾಗೆ ಬರೀರಿ, ಇಸ್ಕೂಲ್ ಹುಡುಗ್ರ ಕೈಲಾದ್ರೂ ಓದಿಸ್ಕಂತೀವಿ!" ಚಪ್ಪಾಳೆಯೋ ಚಪ್ಪಾಳೆ. ನಾನು ಗೀಚಿಕೊಂಡದ್ದು ಅವರ ಕಣ್ಣಿಗೆ ಬಿತ್ತು.

"ಪೇಪರ್ನಾಗೆ ನನ್ನ ಹೆಸ್ರು ಬರ್ತೈತೇನ್ರಿ?"

"ಖಂಡಿತ ಬರುತ್ತೆ ಯಜಮಾನ್ರೇ."

ಸಂಜೆಯೊಳಗೆ ಇಡೀ ಶಿಬಿರಕ್ಕೆ ಅವರು ಸುದ್ದಿ ಮುಟ್ಟಿಸಿದ್ದರು.

ನಮ್ಮ ಪ್ರಿನ್ಸಿಪಾಲರು ಕರಡು ಓದಿ, "ಮಾತೇನೋ ಚೆನ್ನಾಗಿದೆ ಕಣ್ರೀ. ಆದ್ರೆ ಸಾಹೇಬರ ಮಾತೇ ಇಲ್ಲದಿದ್ರೆ ನನ್ನನ್ನ ಎತ್ತಂಗಡಿ ಮಾಡ್ತಾರೆ" ಎನ್ನುತ್ತಾ ಯಜಮಾನರ ಹೆಸರು ಹೊಡೆದುಹಾಕಿ ಕೆಂಪು ಶಾಯಿಯಲ್ಲಿ ಸಾಹೇಬರ ಹೆಸರು ಬರೆದರು. ನಾನು ಶುದ್ಧಪ್ರತಿ ತೆಗೆದು, ಪತ್ರಿಕಾ ಕಚೇರಿಗೆ ತಲುಪಿಸಲು ಕವರನ್ನು ಚಿತ್ರದುರ್ಗದ ಬಸ್ಸಿಗೆ ಕೊಟ್ಟು ಬಂದೆ.

ಎರಡು ದಿನ ಬಿಟ್ಟು ಯಜಮಾನರು ಬೀಗರು, ನೆಂಟರು ಅಂತ ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. ಕಂಕುಳಲ್ಲಿ ಪೇಪರು.

"ಓದ್ರಿ ಸಾರ್. ಇವ್ರು ನಂಬಾಕಿಲ್ಲ ಅಂತಾರೆ."

ಐವರಲ್ಲಿ ಯಾರಿಗೂ ಓದಲು ಬಾರದು. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಸಾಹೇಬರ ಹೆಸರು ಬಂದಲ್ಲೆಲ್ಲ ಅದರ ಬದಲು ಯಜಮಾನರ ಹೆಸರು ಹಾಕಿ, "ಎಂದು ಕರೆ ನೀಡಿದರು" ಎಂದು ಮುಗಿಸಿದೆ. ಬೀಗರು ಅವರ ಬೆನ್ನು ತಟ್ಟಿ, ಇನ್ನೊಂದು ಸಲ ಓದಿ ಎಂದರು. ಎರಡನೇ ಓದಿನಲ್ಲಿ ಸುದ್ದಿ ಮೂರು ಸಾಲು ಬೆಳೆಯಿತು, ಚಪ್ಪಾಳೆಯೂ ಸೇರಿತು.

ನೆಂಟರು ಚಹಾದಂಗಡಿ ಕಡೆ ನಡೆದರು. ಯಜಮಾನರು ಮಾತ್ರ ಪೇಪರು ಮಡಿಸುತ್ತಾ ನಿಂತರು.

"ಬೆಳಗ್ಗೆ ಬಸ್ನಾಗೆ ನಾನೊಬ್ನೇ ಕಂಡಕ್ಟರ್ ಕೈಲಿ ಓದಿಸಿದ್ದೆ ಸಾರ್. ಅವನು ಓದಿದ್ರಾಗೆ ನಾನಿರ್ಲಿಲ್ಲ. ಅದ್ಕೇ ಇವ್ರನ್ನ ನಿಮ್ಮತ್ರನೇ ಕರ್ಕಂಬಂದೆ."

ನಾಚಿಕೆಯಿಂದ ನನ್ನ ಕಿವಿ ಕೆಂಪಾಯಿತು.

"ನಿಮಗೆ ಬರೆಯಾದ್ಕಿಂತ ಓದಾದು ಚೆನ್ನಾಗ್ ಬರ್ತೈತೆ," ಎಂದರು ಅವರು. "ಬರ್ರಿ, ಟೀ ಕುಡಿಯಾಣ."