ದರ್ಜಿಯ ಕಥೆಗೆ ಎಳೆದ ಬಾಣಗಳು

2003, ಆಗಸ್ಟ್ 12, ಮಂಗಳವಾರ, ಬೆಳಿಗ್ಗೆ 10.20. ಚೆನ್ನೈನ ವೇಲಚೇರಿಯ ಶಾಲೆಯೊಂದರಲ್ಲಿ ಏಳನೇ ತರಗತಿಗೆ ನಾನು ಇಂಗ್ಲಿಷ್ ಪಾಠ ಶುರು ಮಾಡಿದ ಹೊತ್ತು ಅದು. ಆಗ ನಾನು ಬಿ.ಎಡ್. ಓದುತ್ತಿದ್ದೆ. ನಲವತ್ತು ಅಭ್ಯಾಸ ಪಾಠ ಮಾಡಿ, ಪ್ರತಿಯೊಂದಕ್ಕೂ ರೆಕಾರ್ಡ್ ಪುಸ್ತಕದಲ್ಲಿ ಸಹಿ ಪಡೆಯಬೇಕಿತ್ತು. ಒಂದು ಸಹಿ ಕಡಿಮೆಯಾದರೂ ಆ ವರ್ಷ ಪರೀಕ್ಷೆಗೆ ಕೂರುವಂತಿರಲಿಲ್ಲ. ಇದು ನಲವತ್ತನೆಯ ಪಾಠ. ಹಿಂದಿನ ಬೆಂಚಿನಲ್ಲಿ ನಮ್ಮ ಕಾಲೇಜಿನ ಮೇಡಂ ಕುಳಿತಿದ್ದರು.

ಓದಿಗೆ ನಾನೇ ಬರೆದ ಸಣ್ಣ ಕಥೆ. ಹತ್ತು ಗಂಟೆಗೆ ದರ್ಜಿಯ ಅಂಗಡಿ ಮುಚ್ಚಿತ್ತು. ಹುಡುಗಿಯೊಬ್ಬಳು ಹೊಸ ಯೂನಿಫಾರ್ಮ್ ಸಿಗದೆ ಮರಳಿದಳು. ಹಿಂದಿನ ಸಂಜೆ ಬೀದಿಯಲ್ಲಿ ಕರೆಂಟ್ ಹೋಗಿತ್ತು. ದರ್ಜಿಯ ಕನ್ನಡಕ ಮೇಜಿನಿಂದ ಬಿದ್ದು ಒಡೆದಿತ್ತು. ಅದಿಲ್ಲದೆ ಹೊಲಿಯಲಾಗದ್ದರಿಂದ ಬೆಳಿಗ್ಗೆ ಅವನು ಅದನ್ನು ಸರಿಮಾಡಿಸಲು ಹೋಗಿದ್ದ.

ಕಥೆ ಹೇಳಿದ ಕ್ರಮ ಬೇರೆ, ನಡೆದ ಕ್ರಮ ಬೇರೆ. ಅದನ್ನು ತೋರಿಸಲು ಹಲಗೆಯ ಮೇಲೆ ಐದು ಚೌಕ ಬರೆದು, ಒಂದರಿಂದ ಒಂದಕ್ಕೆ ಬಾಣ ಎಳೆದೆ. ಮೊದಲ ಚೌಕದಲ್ಲಿ ಕರೆಂಟ್, ಕೊನೆಯದರಲ್ಲಿ ಹುಡುಗಿ. ಮೂವತ್ತೆಂಟು ಮಕ್ಕಳಲ್ಲಿ ಮೂವತ್ತನಾಲ್ಕು ಮಂದಿ ಸರಿಯಾಗಿ ತುಂಬಿದರು. ಖುಷಿಯಾಯಿತು. ಆಮೇಲೆ ಎರಡು ಕಾಲಂ ಕೊಟ್ಟೆ: ಎಡಕ್ಕೆ ಕಾರಣ, ಬಲಕ್ಕೆ ಪರಿಣಾಮ. ಮೂವತ್ತಮೂರು ಮಂದಿ ಚೌಕಗಳನ್ನೇ ಜೋಡಿ ಮಾಡಿ ನಕಲಿಸಿದರು. ಕರೆಂಟ್ ಹೋಯಿತು, ಆದ್ದರಿಂದ ಕನ್ನಡಕ ಒಡೆಯಿತು.

ಮೇಡಂ ಸಹಿ ಹಾಕಲಿಲ್ಲ. “ಮೊದಲು ನಡೆದದ್ದೇ ಕಾರಣ ಎಂದು ಕಲಿಸಲಾಗಿದೆ. ಗುರುವಾರ ಮತ್ತೆ ಮಾಡಿ” ಎಂದು ಬರೆದರು.

ನಾನು ಹಾಗೆ ಕಲಿಸಿರಲಿಲ್ಲ. ಪಾಠದ ಟಿಪ್ಪಣಿ ಮೂರು ಸಲ ಓದಿದೆ. ಆ ಮಾತು ಎಲ್ಲೂ ಇರಲಿಲ್ಲ. ಹಾಗಾದರೆ ಮೂವತ್ತಮೂರು ಮಕ್ಕಳಿಗೆ ಅದನ್ನು ಹೇಳಿದವರು ಯಾರು?

ಮನೆಯಲ್ಲಿ ಅಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದಳು. ಟಿಪ್ಪಣಿಯಲ್ಲಿದ್ದ ಚೌಕಗಳ ಚಾರ್ಟ್ ತೋರಿಸಿದೆ.

“ಈ ಬಾಣ ಯಾಕೆ?”

“ಇದಾದ ಮೇಲೆ ಅದು ಅಂತ.”

“ಭಾನುವಾರ ನೀನು ಹಾಲು ಉಕ್ಕಿಸಿದೆ. ಆಮೇಲೆ ಎದುರುಮನೆಯವರು ಮನೆ ಖಾಲಿ ಮಾಡಿದ್ರು. ನಿನ್ನ ಬಾಣ ಎಳೆದ್ರೆ, ಪಾಪ, ನಿನ್ನ ಹಾಲಿಗೆ ಹೆದರಿ ಓಡಿದ ಹಾಗಾಯ್ತು.”

“ಅಮ್ಮಾ, ನಾನು ಸೀರಿಯಸ್ಸಾಗಿ ಕೇಳ್ತಿದೀನಿ.”

“ನಾನೂ ಸೀರಿಯಸ್ಸೇ. ಸ್ವಲ್ಪ ಆ ಕಡೆ ಸರಿ, ತರಕಾರಿ ಮೇಲೆ ಕೂತಿದೀಯ.”

ಗುರುವಾರ ಚೌಕಗಳ ನಡುವೆ ಬಾಣ ಹಾಕಲಿಲ್ಲ. ಒಂದು ಗೆರೆ ಎಳೆದು, ಅದರ ಮೇಲೆ ಒಂದರಿಂದ ಐದು ಅಂಕಿ ಬರೆದು, ಇದು ಬರೀ ಕ್ರಮ ಎಂದೆ. ಕೆಳಗೆ ಬೇರೆ ಚಾರ್ಟ್. ಅಲ್ಲಿ ಬಾಣ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಇದು ನಡೆಯದಿದ್ದರೆ ಅದು ನಡೆಯುತ್ತಿತ್ತೇ? ಕಥೆಯ ಯಾವ ಮಾತು ಹಾಗೆನ್ನುತ್ತದೆ? ಕನ್ನಡಕ ಒಡೆದದ್ದರಿಂದ ರಿಪೇರಿಗೆ ಹೋದ, ಹೋದದ್ದರಿಂದ ಅಂಗಡಿ ಮುಚ್ಚಿತು, ಮುಚ್ಚಿದ್ದರಿಂದ ಹುಡುಗಿ ಮರಳಿದಳು: ಮೂರು ಬಾಣ. ಕರೆಂಟಿಗೆ ಬಾಣವಿಲ್ಲ. ಈ ಸಲ ಇಪ್ಪತ್ತೊಂಬತ್ತು ಮಂದಿಯದು ಹಾಗೇ ಬಂತು.

ಕಿಟಕಿ ಪಕ್ಕದ ಹುಡುಗಿಯೊಬ್ಬಳು ಮಾತ್ರ ಕರೆಂಟಿನಿಂದ ಕನ್ನಡಕಕ್ಕೆ ಚುಕ್ಕಿ ಚುಕ್ಕಿಯ ಬಾಣ ಎಳೆದಿದ್ದಳು. ಯಾಕೆಂದು ಕೇಳಿದೆ.

“ಮಿಸ್, ಇರುಟ್ಟುಲ ಕಣ್ಣಾಡಿ ತೆರಿಯಾದು,” ಎಂದಳು. ಕತ್ತಲಲ್ಲಿ ಕನ್ನಡಕ ಕಾಣುವುದಿಲ್ಲವಂತೆ.

“ಕಥೇಲಿ ಹಾಗೆ ಇದೆಯಾ?” ನಾನೂ ತಮಿಳಿನಲ್ಲೇ ಕೇಳಿದೆ.

“ಇಲ್ಲ ಮಿಸ್. ಆದ್ರೆ ಮತ್ಯಾಕೆ ಕರೆಂಟ್ ತೆಗೆದ್ರಿ?”

ತರಗತಿ ನಕ್ಕಿತು. ಮಕ್ಕಳನ್ನು ಎಡವಿಸಲೆಂದು ಆ ವಾಕ್ಯ ಹಾಕಿದ್ದೆ ಎನ್ನಲು ಬಾಯಿ ಬರಲಿಲ್ಲ. ಕಥೆಯಲ್ಲಿ ಬರುವ ಕತ್ತಲು ಸುಮ್ಮನೆ ಬರುವುದಿಲ್ಲ ಎಂದು ಅವಳು ನಂಬಿದ್ದಳು. ಒಳ್ಳೆಯ ಓದುಗರೆಲ್ಲ ಹಾಗೇ ಅಲ್ಲವೇ? ಅಳಿಸು ಎನ್ನಲೂ ಇಲ್ಲ, ಸರಿ ಎನ್ನಲೂ ಇಲ್ಲ. ಬಾಣದ ಪಕ್ಕ “ಇರಬಹುದು” ಎಂದು ಬರೆಯಲು ಹೇಳಿ ಮುಂದೆ ಹೋದೆ. ಹಿಂದಿನ ಬೆಂಚಿನತ್ತ ನೋಡುವ ಧೈರ್ಯವಾಗಲಿಲ್ಲ.

11.05ಕ್ಕೆ ಮೇಡಂ ರೆಕಾರ್ಡ್ ಕೇಳಿದರು. ಸಹಿ ಹಾಕಿದರು. ಮೇಲೆ ಒಂದೇ ಸಾಲು: “ಹಲಗೆಯ ಮೇಲಿನ ಬರಹ ಸ್ವಚ್ಛವಾಗಿದೆ.” ಬಾಣ ತೆಗೆದದ್ದಕ್ಕೋ, “ಇರಬಹುದು” ಎಂದದ್ದಕ್ಕೋ, ಅವರಿಗೆ ಗಿಂಡಿಯ ಶಾಲೆಯಲ್ಲಿ ಮತ್ತೊಂದು ಪಾಠ ನೋಡುವ ಅವಸರವಿದ್ದದ್ದಕ್ಕೋ, ನನಗೆ ಗೊತ್ತಾಗಲಿಲ್ಲ. ಕೇಳಲು ಹೋದರೆ ಸಹಿ ವಾಪಸ್ ಪಡೆದಾರೆಂದು ರೆಕಾರ್ಡ್ ಮುಚ್ಚಿ ಚೀಲಕ್ಕೆ ಹಾಕಿದೆ.

ನಂತರ ಪಾಠ ಮಾಡಿದ ವರ್ಷಗಳಲ್ಲೆಲ್ಲ ಅಂಥ ಚುಕ್ಕಿ ಬಾಣಗಳನ್ನು ಲೆಕ್ಕವಿಟ್ಟಿದ್ದೇನೆ. ಈವರೆಗೆ ಹದಿನೇಳು. ಕೆಲವಕ್ಕೆ ಅಂಕ ಕೊಟ್ಟೆ, ಕೆಲವಕ್ಕೆ ಕೊಡಲಿಲ್ಲ. ಯಾವ ನಿಯಮದ ಮೇಲೆ ಎಂದು ನನಗೇ ಹೇಳಲಾಗದು. ಕಥೆ ಹೇಳದ, ಆದರೆ ಕಥೆಯೇ ಹುಟ್ಟಿಸಿದ ಕಾರಣವನ್ನು ಯಾವ ಚೌಕದಲ್ಲಿ ಬರೆಸಬೇಕೆಂದು ತಿಳಿದ ಮೇಷ್ಟರು, ಟೀಚರುಗಳು ಯಾರಾದರೂ ಇದ್ದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ನಿಮ್ಮ ತರಗತಿಯ ಒಂದು ಚಾರ್ಟನ್ನೂ ಜೊತೆಗಿಟ್ಟರೆ ಉಪಕಾರವಾಗುತ್ತದೆ.