ಹಾಸಿಗೆ ಉಮ್ಮರ್ ಬ್ಯಾರಿಯೂ ಹಸಿರು ಶಾಯಿಯ ತಡೆಯಾಜ್ಞೆಯೂ

ತೋಡಾರಿನ ಉಮ್ಮರ್ ಬ್ಯಾರಿ ಮೂಡಬಿದಿರೆ ಪೇಟೆಯ ಬಾಡಿಗೆ ಕೋಣೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಹಾಸಿಗೆ ಹೊಲಿದವನು. ಬೂರುಗದ ಹತ್ತಿ ಬಡಿಯುವಾಗ ಬಿಳಿ ಎಳೆಗಳು ಬಾಗಿಲಿನ ಬಿಸಿಲಿಗೆ ಏಳುತ್ತಿದ್ದವು. ಅವನ್ನೇ ನೋಡುತ್ತಾ ಕೈಯ ಸೂಜಿ ಮರೆಯುವುದು ಅವನ ರೂಢಿ. ಕೋಣೆ ಕೈತಪ್ಪಿದರೆ ಈ ತೇಲಾಟ ಎಲ್ಲಿ ನಡೆದೀತು ಎಂದು ಅವನಿಗೆ ಊಹಿಸಲೂ ಆಗುತ್ತಿರಲಿಲ್ಲ.

೨೦೦೯ರಲ್ಲಿ ಕೋಣೆಯ ಧಣಿ ಊರಿನ ಕೋರ್ಟಿನಲ್ಲಿ ತೆರವಿನ ಡಿಕ್ರಿ ಪಡೆದು, ಜಾರಿಗೆ ಅರ್ಜಿ ಹಾಕಿದ. ಉಮ್ಮರ್ ಬೆಂಗಳೂರಿನ ವಕೀಲರೊಬ್ಬರನ್ನು ಹಿಡಿದು ಮೇಲೆ ಹೋದಾಗ ಅಲ್ಲಿನ ಹೈಕೋರ್ಟು ಆ ಜಾರಿಗೆ ತಡೆಯಾಜ್ಞೆ ಕೊಟ್ಟಿತು. ಸೈಬರ್ ಕೆಫೆಯ ನಿಝಾಮ್ ಅದನ್ನು ಕಂಪ್ಯೂಟರಿನಿಂದ ತೆಗೆದುಕೊಟ್ಟು, "ಇನ್ನು ಹೆದರ್ಬೇಡಿ ಕಾಕ" ಎಂದ.

ಉಮ್ಮರ್‌ನಿಗೆ ಹೆದರಿಕೆ ಹೋಗಲಿಲ್ಲ. ಕಾಗದ ತೀರಾ ಬೋಳು, ಮೊಹರಿಲ್ಲ, ರುಜುವಿಲ್ಲ. ಮಕ್ಕಳ ಮಾರ್ಕ್ಸ್‌ಕಾರ್ಡಿಗೆ ಮಾಡಿಸುವ ಹಾಗೆ ಹೈಸ್ಕೂಲಿನ ಹೆಡ್‌ಮಾಸ್ಟರರ ಬಳಿ ಹಸಿರು ಶಾಯಿಯ ರುಜು ಹಾಕಿಸಿದ. ಮಳೆಗೆ ನೆನೆಯದಿರಲೆಂದು ಲ್ಯಾಮಿನೇಶನ್ನನ್ನೂ ಮಾಡಿಸಿದ.

ಜಾರಿ ಅರ್ಜಿಯ ವಾಯಿದೆಯ ದಿನ ಊರಿನ ಕೋರ್ಟಿನ ಜಗಲಿಯಲ್ಲಿ ಅವನ ಇಲ್ಲಿನ ವಕೀಲ ಚಿದಾನಂದರು ಅದನ್ನು ಬಿಸಿಲಿಗೆ ಹಿಡಿದು ನೋಡಿದರು.

"ಎಂಥದು ಬ್ಯಾರಿಗಳೇ, ಹೋಟೆಲಿನ ತಿಂಡಿಪಟ್ಟಿಯಾ?"

"ಹೆಡ್‌ಮಾಸ್ಟರ್ರೇ ರುಜು ಹಾಕಿದ್ದಾರೆ ಸ್ವಾಮಿ!"

"ಹೈಕೋರ್ಟಿನ ಕಡತ ಅವರು ನೋಡಿದ್ದಾರಾ? ಮೂಲಕ್ಕೆ ಹೋಲಿಸಿ ನೋಡಿ, 'ಇದು ಸರಿಯಾದ ನಕಲು' ಅಂತ ಹೇಳುವ ಅಧಿಕಾರ ಆ ಕೋರ್ಟಿನ ನಕಲು ವಿಭಾಗಕ್ಕೆ ಮಾತ್ರ ಉಂಟು. ಇದು ಓದ್ಲಿಕ್ಕೆ ಆಯ್ತು, ಹಾಜರುಪಡಿಸ್ಲಿಕ್ಕೆ ಆಗುದಿಲ್ಲ."

"ಅಕ್ಷರ ಎಲ್ಲ ಅದೇ ಅಲ್ವಾ?"

"ಅಕ್ಷರ ಅದೇ. ಅದಕ್ಕೆ ಜವಾಬು ಹೇಳುವವರು ಯಾರು ಮಾರಾಯ್ರೆ?"

ಧಣಿಯ ವಕೀಲರೂ ಒಳಗೆ ಅದನ್ನೇ ಎತ್ತಿ ಆಡಿದರು. ನ್ಯಾಯಾಧೀಶರು ಕಾಗದ ಓದಿ, ದೃಢೀಕೃತ ನಕಲು ತರಲು ಸೋಮವಾರದವರೆಗೆ ಸಮಯ ಕೊಟ್ಟರು. ಅಂದು ಬಾರದಿದ್ದರೆ ಕೋಣೆ ಬಿಡಿಸಲು ವಾರಂಟು.

ಬೆಂಗಳೂರಿನ ವಕೀಲರ ಗುಮಾಸ್ತ ಆಗಲೇ ತುರ್ತು ನಕಲಿಗೆ ಅರ್ಜಿ ಹಾಕಿ ಶುಲ್ಕ ಕಟ್ಟಿದ್ದ. ಉಮ್ಮರ್ ತಾನೇ ಹೋಗಿ ಎರಡು ದಿನ ಹೈಕೋರ್ಟಿನ ಕೆಂಪು ಗೋಡೆಯ ನೆರಳಲ್ಲಿ ಕೂತ. ಮರಗಳಿಂದ ಏನೋ ಹೂ ಉದುರುತ್ತಿತ್ತು. ಅವನ ಕಣ್ಣಿಗೆ ಅದು ಹತ್ತಿ. ಆ ದೊಡ್ಡ ಕಟ್ಟಡವನ್ನೇ ಬಿಚ್ಚಿ, ಬಡಿದು, ಹೊಸ ಗವಸಿಗೆ ತುಂಬಿ ಹೊಲಿಯುತ್ತಿದ್ದೇನೆ ಎಂಬ ಕನಸಿನಲ್ಲಿ ತೂಕಡಿಸಿದ.

ಶುಕ್ರವಾರ ಸಂಜೆಗೆ ಮುಂಚೆ ನಕಲು ಸಿಕ್ಕಿತು. ಪುಟಪುಟಕ್ಕೂ ಕೋರ್ಟಿನ ಮೊಹರು. ಕೊನೆಯಲ್ಲಿ ಅಧಿಕಾರಿಯ ರುಜು, ಜೊತೆಗೆ ಅರ್ಜಿ ಹಾಕಿದ್ದು, ತಯಾರಾದದ್ದು, ಕೊಟ್ಟದ್ದು, ಹೀಗೆ ಮೂರು ತಾರೀಕು. ಉಮ್ಮರ್ ಮೊಹರಿನ ಮೇಲೆ ಬೆರಳಾಡಿಸಿದ. ಶಾಯಿ ಸ್ವಲ್ಪ ಅಂಟಿತು.

"ಇದಕ್ಕೆ ಪ್ಲಾಸ್ಟಿಕ್ ಹಾಕ್ಸ್ಬೇಡಿ ಆಯ್ತಾ" ಎಂದು ಚಿದಾನಂದರು ಫೋನಿನಲ್ಲಿ ಗದರಿದರು.

ಸೋಮವಾರ ಕೋರ್ಟಿನ ಗುಮಾಸ್ತ ಆ ನಕಲಿಗೆ ತೂತು ಕೊರೆದು ಕಡತಕ್ಕೆ ಪೋಣಿಸಿಕೊಂಡ. ಉಮ್ಮರ್‌ನಿಗೆ ತನ್ನ ಕೈಗೇ ಚುಚ್ಚಿದ ಹಾಗಾಯಿತು. ವಾರಂಟು ಹೊರಡಲಿಲ್ಲ. ಹೈಕೋರ್ಟಿನ ಮುಂದಿನ ಆದೇಶದವರೆಗೆ ಜಾರಿ ನಿಂತಿತು.

"ಎಷ್ಟು ದಿನಕ್ಕೆ?" ಎಂದು ಮನೆಯಲ್ಲಿ ಹೆಂಡತಿ ಸಾಲಿಹಾ ಕೇಳಿದಳು.

"ಅವರು ಇನ್ನೊಂದು ಬರೆಯುವವರೆಗೆ" ಎಂದವನೇ ಅವನು ಅಂಗಡಿಗೆ ಹೊರಟ. ಮದುವೆಮನೆಯದ್ದೊಂದು ಹಾಸಿಗೆ ಅರ್ಧಕ್ಕೆ ನಿಂತಿತ್ತು.