ಏಜೆಂಟನ ಮೂವತ್ತು ಮೂಟೆ

ತಿ. ನರಸೀಪುರದಲ್ಲಿದ್ದ ನನ್ನ ಭತ್ತದ ಗೋಡೌನಿಗೆ ವೈರಿಂಗಿನಿಂದ ಬೆಂಕಿ ಹತ್ತಿ ಎಲ್ಲ ಬೂದಿಯಾಯಿತು. ಒಳಗೆ ನಾನು ಕೊಂಡ ಭತ್ತವೂ ಇತ್ತು, ಒಳ್ಳೆಯ ರೇಟು ಬರಲಿ ಎಂದು ರೈತರು ನನ್ನನ್ನು ನಂಬಿ ಇಟ್ಟಿದ್ದ ಮೂಟೆಗಳೂ ಇದ್ದವು. ವಿಮೆ ಮಾಡಿಸುವಾಗಲೇ ಇದನ್ನು ಏಜೆಂಟನಿಗೆ ಹೇಳಿದ್ದೆ.

"ಒಂದೇ ಸೂರು ಕಣ್ಲಾ, ಎಲ್ಲಾ ಸೇರ್ಕತದೆ," ಅಂದಿದ್ದ.

ನಷ್ಟ ಲೆಕ್ಕ ಹಾಕಲು ಬಂದ ವಿಮಾ ಸರ್ವೇಯರ್ ದಾಸ್ತಾನು ಪುಸ್ತಕ ನೋಡಿದ ಮೇಲೆ ಕಂಪನಿ ನನ್ನ ಸ್ವಂತ ಭತ್ತಕ್ಕಷ್ಟೇ ಹಣ ಕೊಟ್ಟಿತು. ಬೇರೆಯವರ ಮಾಲನ್ನು ಪಾಲಿಸಿಯಲ್ಲಿ ಬರೆಸಿಲ್ಲ ಎಂದು ಉಳಿದದ್ದನ್ನು ತಳ್ಳಿಹಾಕಿತು. ವಿಮೆಯ ಅರ್ಜಿ ತುಂಬಿದವನು ಆ ಏಜೆಂಟೇ.

ನನ್ನ ಟೆಂಪೊ ಮಾರಿ ರೈತರಿಗೆ ಅವರ ಮೂಟೆಗಳ ಹಣ ಕೊಟ್ಟೆ. ಆಮೇಲೆ ನಂಜನಗೂಡಿನಿಂದ ಏಜೆಂಟ್ ಬಂದ. ಅವನ ಹೆಂಡತಿಯ ಗದ್ದೆಯ ಮೂವತ್ತು ಮೂಟೆಯೂ ನನ್ನ ಗೋಡೌನಿನಲ್ಲೇ ಸುಟ್ಟುಹೋಗಿತ್ತು.

"ಎಲ್ರಿಗೂ ಕೊಟ್ಯಂತೆ. ನಂದು ಯಾವಾಗ್ಲಾ?"

ಕಂಪನಿಯ ಪತ್ರ ಅವನ ಕೈಗಿಟ್ಟೆ. "ಓದಿ ಸಾ. ನಂಗೆ ಅಷ್ಟೆಲ್ಲ ಓದಾಕೆ ಬರಾಕಿಲ್ಲ."

ಓದಿದ. ಮುಖ ಕಪ್ಪಿಟ್ಟಿತು. "ಅಲ್ಲ ಕಣ್ಲಾ, ನಾನು ನಿಮ್ಮೋನಲ್ವಾ?"

"ನೀವು ಬರೀದೆ ಬುಟ್ಟಿದ್ದು ನಿಮ್ಗೇ ಬಡೀತು. ಓಗಿ, ಎಂಡ್ರಿಗೆ ಯೋಳಿ."

ಮನೆಯಲ್ಲಿ ಏನು ಹೇಳಿದನೋ ಗೊತ್ತಿಲ್ಲ. ನನ್ನ ಹೊಟ್ಟೆ ಮಾತ್ರ ತಣ್ಣಗಾಯಿತು. ಅವನಿಗೆ ಇವತ್ತಿಗೂ ಒಂದು ಕಾಳು ಕೊಟ್ಟಿಲ್ಲ, ಕೊಡುವುದೂ ಇಲ್ಲ.